ಹನ್ನೊಂದನೇ ಮನೆಯ ಅಣ್ಣ

ಆ ಮನೆತನದಲ್ಲಿ ಯಾರ ವಸ್ತುವೂ ಅವರವರ ಹೆಸರಿನಲ್ಲಿ ಇದ್ದದ್ದಿಲ್ಲ. ಅಪ್ಪ ಓಡಿಸುತ್ತಿದ್ದ ಸ್ಕೂಟರ್ ಅಮ್ಮನ ಹೆಸರಿನಲ್ಲಿತ್ತು, ಯಾಕೆಂದರೆ ವಾಹನಸ್ಥಾನವಾದ ನಾಲ್ಕನೇ ಮನೆ ಗಟ್ಟಿಯಾಗಿದ್ದದ್ದು ಅಮ್ಮನ ಜಾತಕದಲ್ಲಿ. ಅಮ್ಮ ಒಡವೆ ಮಾರಿ ಕೊಂಡ ನಿವೇಶನ ಭೂಮಿಕಾರಕನಾದ ಕುಜ ಚೆನ್ನಾಗಿದ್ದ ಅಜ್ಜನ ಹೆಸರಿನಲ್ಲಿತ್ತು. ಕುಕ್ಕರ್ ತಂದ ದಿನವೂ ಅದರ ಗ್ಯಾರಂಟಿ ಕಾರ್ಡಿನಲ್ಲಿ ಯಾರ ಹೆಸರು ಬರೆಸುವುದೆಂದು ಅರ್ಧ ಗಂಟೆ ಮಾತುಕತೆ ನಡೆದಿತ್ತಂತೆ. ಅಣ್ಣ ಮೊದಲ ಸಂಬಳಗಳನ್ನು ಕೂಡಿಸಿ ಕೊಂಡ ಕೆಂಪು ಬೈಕು ಕೂಡ ಕಾಲೇಜು ಮೆಟ್ಟಿಲು ಹತ್ತುತ್ತಿದ್ದ ತಂಗಿಯ ಹೆಸರಿಗೇ ಹೋಯಿತು. ತಂಗಿಗೆ ಸೈಕಲ್ಲೂ ಬರುತ್ತಿರಲಿಲ್ಲ.

ಆ ತಂಗಿಗೆ ಈಗ ನಲವತ್ತನಾಲ್ಕು. ಕಿವಿಯ ಮೇಲೆ ಕೂದಲು ನರೆತಿದೆ, ಆದರೂ ಎಲ್ಲರಿಗೂ ಅವಳು ಪುಟ್ಟಿಯೇ. ಪುಟ್ಟಿಯ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಹುಯ್ದು ವಸಡಿನ ಮಾದರಿ ಮಾಡಿ, ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ಜೋಡಿಸುತ್ತಾಳೆ. ಎರಡು ಕೋಣೆಯ ಒಂದು ಫ್ಲಾಟು. ಮುಂದಿನ ಕೋಣೆಯಲ್ಲಿ ಕೆಲಸದ ಮೇಜು, ಪಾಲಿಶ್ ಯಂತ್ರ, ಮೇಣ ಕರಗಿಸುವ ದೀಪ, ಗೋಡೆಯುದ್ದಕ್ಕೂ ಬಾಯಿ ತೆರೆದು ಕೂತ ಪ್ಲಾಸ್ಟರ್ ದವಡೆಗಳು. ಹಿಂದಿನ ಕೋಣೆಯಲ್ಲಿ ಅವಳ ಹಾಸಿಗೆ, ಒಲೆ, ಕಿಟಕಿ. ಮದುವೆಯ ಮಾತೆತ್ತಿಕೊಂಡು ಬಂದವರಿಗೆಲ್ಲ ಇದೇ ಮೇಜಿನ ಮೂಲೆಯಲ್ಲಿ ಟೀ ಕೊಟ್ಟು ಕಳಿಸಿದ್ದಳು. ಹಲ್ಲುಗಳ ನಡುವೆ ಕೂತು ಟೀ ಕುಡಿದವರು ಎರಡನೇ ಸಲ ಬರುತ್ತಿರಲಿಲ್ಲ. ಅವಳಿಗೂ ಅದೇ ಬೇಕಿತ್ತು.

ಇಡೀ ಮನೆತನದಲ್ಲಿ ತನ್ನ ದುಡ್ಡಿನಲ್ಲಿ ತನ್ನದೇ ಹೆಸರಿನಲ್ಲಿ ಕೊಂಡ ಆಸ್ತಿ ಎಂದರೆ ಈ ಫ್ಲಾಟು ಒಂದೇ. ಕೊಳ್ಳುವಾಗ ಅವಳು ಜಾತಕ ತೋರಿಸಿರಲಿಲ್ಲ, ಯಾರನ್ನೂ ಕೇಳಿರಲೂ ಇಲ್ಲ.

ಈಗ ಅದರ ಮೇಲೇ ಅಣ್ಣನ ಕಣ್ಣು ಬಿದ್ದಿತ್ತು. ಅಣ್ಣ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಪ್ಪ ತೀರಿಕೊಂಡ ವರ್ಷ ಪುಟ್ಟಿಯ ತರಬೇತಿಗೆ ಫೀಸು ಕಟ್ಟಲು ಆ ಕೆಂಪು ಬೈಕನ್ನು ಮಾರಿದವನು ಅವನೇ. ಮಾರಿ ಬಂದ ಸಂಜೆ ನಡೆದುಕೊಂಡೇ ಮನೆಗೆ ಬಂದು, ಕೀಲಿ ಗೊಂಚಲನ್ನು ಮಾತ್ರ ಮೊಳೆಗೆ ನೇತುಹಾಕಿದ್ದ. ಕೀಲಿಯಿಲ್ಲದ ಆ ಗೊಂಚಲು ವರ್ಷಗಟ್ಟಲೆ ಅಲ್ಲೇ ಇತ್ತು. ಪುಟ್ಟಿ ಅಣ್ಣನಿಗೆ ಯಾವತ್ತೂ ಆಗಲ್ಲ ಎನ್ನದಿರುವುದಕ್ಕೆ ಆ ಗೊಂಚಲೇ ಕಾರಣ.

ಅಣ್ಣನ ಹಾಸಿಗೆ ಅಂಗಡಿ ಅತ್ತಿಗೆಯ ಹೆಸರಿನಲ್ಲಿತ್ತು. ಅತ್ತಿಗೆಗೆ ಧನಯೋಗವಿದೆ ಎಂದು ಯಾರೋ ಹೇಳಿದ್ದರು. ಅಂಗಡಿ ಮೂರು ವರ್ಷ ತೂಕಡಿಸಿ ನಾಲ್ಕನೇ ವರ್ಷ ಮಲಗಿತು. ಇಷ್ಟಕ್ಕೆಲ್ಲ ಅಣ್ಣ ಎದೆಗುಂದುವವನಲ್ಲ. ಏಸಿ ಹಾಕಿಕೊಂಡು ಬಣ್ಣದ ಕಾಗದದಲ್ಲಿ ಜಾತಕ ಮುದ್ರಿಸಿಕೊಡುವ ದೊಡ್ಡ ಜ್ಯೋತಿಷಿಯೊಬ್ಬರ ಬಳಿಗೆ ಮನೆಮಂದಿಯ ಜಾತಕಗಳನ್ನೆಲ್ಲ ಕಟ್ಟಿಕೊಂಡು ಹೋದ. ಅವರು ಒಂದೊಂದಾಗಿ ಪಕ್ಕಕ್ಕಿಟ್ಟು ಪುಟ್ಟಿಯದನ್ನು ಕೈಗೆತ್ತಿಕೊಂಡು, "ಇಷ್ಟು ದಿನ ಈ ತಾಯಿಯನ್ನ ಎಲ್ಲಿ ಬಚ್ಚಿಟ್ಟಿದ್ರಿ?" ಅಂದರಂತೆ. ಅಲ್ಲಿಂದ ಅಣ್ಣನಿಗೆ ನಿದ್ದೆಯಿಲ್ಲ. ಹಾಸಿಗೆಯ ದೊಡ್ಡ ಶೋರೂಮ್ ಮಾಡುವುದು, ಮಾಲೀಕಳು ಪುಟ್ಟಿ, ಬ್ಯಾಂಕಿನ ಸಾಲಕ್ಕೆ ಆಧಾರ ಪುಟ್ಟಿಯ ಫ್ಲಾಟು. ಕಾಗದಗಳು ತಯಾರಾಗಿದ್ದವು. ನಾಳೆ ಬ್ಯಾಂಕಿನಲ್ಲಿ ಅವಳು ಸಹಿ ಹಾಕಬೇಕು.

ಸಹಿಯ ಹಿಂದಿನ ದಿನ ಬೆಳಿಗ್ಗೆ ಪುಟ್ಟಿ ಮಾವನ ಬಾಯಿಯೊಳಗೆ ಬೆರಳಿಟ್ಟುಕೊಂಡು ಕೂತಿದ್ದಳು. ಮಾವ ಅಂದರೆ ಅಮ್ಮನ ತಮ್ಮ, ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು, ಈ ಮನೆಯ ಮಕ್ಕಳಿಗೆಲ್ಲ ಜಾತಕ ಬರೆದವರು. ಉಳಿದಿದ್ದ ನಾಲ್ಕು ಹಲ್ಲನ್ನೂ ಕೀಳಿಸಿಕೊಂಡು ಸೋದರಸೊಸೆಯ ಕೈಯಿಂದಲೇ ಸೆಟ್ಟು ಹಾಕಿಸಿಕೊಳ್ಳುತ್ತೇನೆಂದು ಹಟ ಹಿಡಿದಿದ್ದರು. ಮೇಣದ ಸೆಟ್ಟನ್ನು ಬಾಯಿಗಿಟ್ಟು ನೋಡುವ ಕೆಲಸ ನಿಯಮದ ಪ್ರಕಾರ ವೈದ್ಯರ ಕುರ್ಚಿಯಲ್ಲಿ ಆಗಬೇಕು. ಮಾವನಿಗೆ ನಿಯಮ ಹೇಳುವವರು ಯಾರು?

"ಕಚ್ಚಿ ಮಾವ. ಮೆತ್ತಗೆ. ಮೇಣ ಅದು."

ಮಾವ ಕಚ್ಚಿದರು. ಕನ್ನಡಿಯಲ್ಲಿ ನೋಡಿಕೊಂಡು ಏನೋ ಹೇಳಲು ಹೋದರು. ಮೇಲಿನ ಸೆಟ್ಟು ಕೆಳಗೆ ಜಾರಿ, ಬಂದದ್ದು ಬರೀ ಶಿಳ್ಳೆ.

ಅದೇ ಹೊತ್ತಿಗೆ ಅಣ್ಣ ಬಣ್ಣದ ಜಾತಕ ಹಿಡಿದು ಒಳಗೆ ಬಂದ. ಹಿಂದೆಯೇ ಅತ್ತಿಗೆ, ಬಗಲಲ್ಲಿ ಕಾಗದಗಳ ಚೀಲ.

"ಒಳ್ಳೇದಾಯ್ತು, ಮಾವನೂ ಇದ್ದಾರೆ" ಅಂದ ಅಣ್ಣ. "ಮಾವ, ನಿಮ್ಮ ಮೇಲೆ ನಂಗೆ ಕೋಪ ಇದೆ. ಇವಳ ಜಾತಕ ಬರೆದೋರು ನೀವು. ಸಿಂಹ ಲಗ್ನ. ಎರಡನೇ ಮನೆ ಧನಸ್ಥಾನ, ಹನ್ನೊಂದನೇ ಮನೆ ಲಾಭಸ್ಥಾನ, ಎರಡಕ್ಕೂ ಅಧಿಪತಿ ಬುಧ. ಆ ಬುಧ ಕನ್ಯೆಯಲ್ಲಿ ಉಚ್ಚನಾಗಿ ಧನಸ್ಥಾನದಲ್ಲೇ ಕೂತಿದ್ದಾನೆ. ಜೊತೆಗೆ ಲಗ್ನಾಧಿಪತಿ ರವಿ. ಒಂದು, ಎರಡು, ಹನ್ನೊಂದರ ಅಧಿಪತಿಗಳು ಒಂದೇ ಮನೆಯಲ್ಲಿ. ಕೋಟಿಗೊಬ್ಬರಿಗೆ ಇರೋ ಯೋಗವಂತೆ. ನಲವತ್ತನಾಲ್ಕು ವರ್ಷ ನೀವು ಬಾಯಿ ಬಿಡಲಿಲ್ವಲ್ಲ?"

ಮಾವನ ಬಾಯಿ ಆಗಲೂ ಮೇಣದಿಂದ ತುಂಬಿತ್ತು. ಕೈಸನ್ನೆ ಮಾಡಿದರು. ಪುಟ್ಟಿ ಎರಡೂ ಸೆಟ್ಟುಗಳನ್ನು ಹುಷಾರಾಗಿ ತೆಗೆದು ತಣ್ಣೀರಿನ ಬಟ್ಟಲಿಗೆ ಇಟ್ಟಳು. ಹಲ್ಲಿಲ್ಲದ ಮಾವನ ಮಾತು ಸ್ವಲ್ಪ ಗಾಳಿ ಗಾಳಿ, ಆದರೆ ಕೇಳಿಸುವಂತಿತ್ತು.

"ಕೋಟಿಗೊಬ್ಬರಿಗಲ್ಲ ಕಣೋ. ಸಿಂಹ ಲಗ್ನದಲ್ಲಿ ಹುಟ್ಟಿದವರಿಗೆಲ್ಲ ಎರಡು, ಹನ್ನೊಂದರ ಅಧಿಪತಿ ಬುಧ ಒಬ್ಬನೇ. ಕುಂಭ ಲಗ್ನದವರಿಗೆಲ್ಲ ಗುರು ಒಬ್ಬನೇ. ದಿನಕ್ಕೆ ಹನ್ನೆರಡು ಲಗ್ನ. ಅಂದರೆ ಹುಟ್ಟೋ ಮಕ್ಕಳಲ್ಲಿ ಹೆಚ್ಚುಕಮ್ಮಿ ಆರಕ್ಕೊಂದು ಧನ, ಲಾಭ ಎರಡನ್ನೂ ಒಂದೇ ಗ್ರಹದ ಕೈಗೆ ಕೊಟ್ಟೇ ಹುಟ್ಟುತ್ತೆ. ಇದರ ಮೇಲೆ ಐದು, ಒಂಬತ್ತರ ಅಧಿಪತಿಗಳನ್ನೂ ಸೇರಿಸಿ, ಅವರು ಜೊತೆಗೆ ಕೂತರೂ ಯೋಗ, ಎದುರುಬದುರು ನೋಡಿದರೂ ಯೋಗ, ಮನೆ ಅದಲುಬದಲು ಮಾಡಿಕೊಂಡರೂ ಯೋಗ ಅಂತ ಲೆಕ್ಕ ಹಾಕು. ಧನಯೋಗ ಇಲ್ಲದೋನನ್ನ ಹುಡುಕೋದೇ ಕಷ್ಟ. ಅಷ್ಟು ಜನ ಸಾಹುಕಾರರು ಎಲ್ಲಿದ್ದಾರೆ?"

"ನಂದು ಕುಂಭ ಲಗ್ನ" ಅಂದಳು ಅತ್ತಿಗೆ, ಯಾರೂ ಕೇಳದಿದ್ದರೂ.

"ಗೊತ್ತಮ್ಮ. ನಿನ್ನ ಗುರು ಹನ್ನೆರಡನೇ ಮನೆ ಮಕರದಲ್ಲಿ ನೀಚನಾಗಿದ್ದಾನೆ. ಹನ್ನೊಂದನೇ ಮನೆ ನಲ್ಲಿ, ಎರಡನೇದು ಬಕೆಟ್, ಹನ್ನೆರಡನೇದು ಬಚ್ಚಲು. ನಲ್ಲಿ, ಬಕೆಟ್ ಎರಡರ ಯಜಮಾನನೂ ಹೋಗಿ ಬಚ್ಚಲಲ್ಲಿ ಕೂತರೆ ನೀರು ಎಲ್ಲಿ ನಿಲ್ಲುತ್ತೆ?"

"ಅದನ್ನ ನಾಲ್ಕು ವರ್ಷ ಹಿಂದೆ ಹೇಳಬಾರದಿತ್ತಾ?"

"ನಾಲ್ಕು ವರ್ಷ ಹಿಂದೆ ನನ್ನ ಕೇಳಿದ್ರಾ?"

ಅತ್ತಿಗೆ ಗಂಡನ ಕಡೆ ನೋಡಿದಳು. ಗಂಡ ಪ್ಲಾಸ್ಟರ್ ದವಡೆಗಳ ಕಡೆ ನೋಡಿದ.

"ಅವಳದ್ದು ಬಿಡಿ" ಅಂದ ಅಣ್ಣ. "ಪುಟ್ಟಿಯ ಬುಧ ನೀಚನಲ್ಲ, ಉಚ್ಚ."

"ಉಚ್ಚ. ನಾನು ಇಲ್ಲ ಅಂದ್ನಾ? ಆದರೆ ಪಕ್ಕದಲ್ಲೇ ರವಿ. ಎರಡು ಡಿಗ್ರಿ ದೂರ."

"ಬುಧ ಯಾವಾಗ್ಲೂ ರವಿ ಹತ್ತಿರಾನೇ ಅಲ್ವಾ ಇರೋದು?"

"ಹತ್ತಿರ ಇರೋದು ಬೇರೆ, ಒಲೆಯೊಳಗೆ ಕೂರೋದು ಬೇರೆ. ಹನ್ನೆರಡು, ಹದಿನಾಲ್ಕು ಡಿಗ್ರಿಯೊಳಗೆ ಬಂದರೆ ಬುಧ ಅಸ್ತಂಗತ, ಅಂದರೆ ಸೂರ್ಯನ ಬೆಳಕಿಗೆ ಕಾಣದಂತಾಗ್ತಾನೆ. ಅಧಿಕಾರ ಇದೆ, ಕೊಡೋ ಶಕ್ತಿ ಕಮ್ಮಿ. ಅದೂ ಹೋಗಲಿ. ಯೋಗ ಅನ್ನೋದು ಮಾತು ಕೊಟ್ಟ ಹಾಗೆ, ಆ ಮಾತು ನಡೆಸೋದು ದಶೆ, ಅಂದರೆ ಆ ಗ್ರಹದ ಪಾಳಿ. ಬುಧನ ಫಲ ಪೂರ್ತಿ ಬರಬೇಕಾದ್ರೆ ಬುಧ ದಶೆ ನಡೀಬೇಕು. ಇವಳು ಹುಟ್ಟಿದ್ದು ಹುಣ್ಣಿಮೆಯ ಮಾರನೇ ದಿನ, ಬೆಳಗಿನ ಜಾವ, ರೇವತಿ ನಕ್ಷತ್ರದಲ್ಲಿ. ಹುಟ್ಟುವಾಗಲೇ ಬುಧ ದಶೆ ನಡೀತಾ ಇತ್ತು. ಹದಿನೇಳು ವರ್ಷದ ದಶೆಯಲ್ಲಿ ಉಳಿದಿದ್ದು ಐದೇ ವರ್ಷ. ಇವಳ ಕೋಟ್ಯಧಿಪತಿ ಯೋಗವೆಲ್ಲ ಐದು ವರ್ಷ ತುಂಬೋದ್ರೊಳಗೆ ಖರ್ಚಾಗಿಹೋಯ್ತು."

ಪುಟ್ಟಿಗೆ ನಗು ಬಂತು. ಐದು ವರ್ಷದವಳಿದ್ದಾಗ ಅವಳ ಹತ್ತಿರ ಒಂದು ಡಬ್ಬಿ ತುಂಬ ಗೋಲಿಗಳಿದ್ದವು. ಬೀದಿಯ ಮಕ್ಕಳಿಂದ ಗೆದ್ದದ್ದು. ಬುಧ ಕೊಟ್ಟದ್ದು ಅದನ್ನೇ ಇರಬೇಕು.

"ಮತ್ತೆ ಬುಧ ದಶೆ ಬರೋದು ಯಾವಾಗ?" ಅಂದಳು ಅತ್ತಿಗೆ.

ಮಾವ ಬೆರಳು ಮಡಚಿದರು. "ಐದಾದ ಮೇಲೆ ಕೇತು ಏಳು, ಶುಕ್ರ ಇಪ್ಪತ್ತು, ರವಿ ಆರು. ಮೂವತ್ತೆಂಟಕ್ಕೆ ಚಂದ್ರ ದಶೆ ಶುರುವಾಯ್ತು, ಅದು ನಲವತ್ತೆಂಟರವರೆಗೆ. ಆಮೇಲೆ ಕುಜ ಏಳು, ರಾಹು ಹದಿನೆಂಟು, ಗುರು ಹದಿನಾರು, ಶನಿ ಹತ್ತೊಂಬತ್ತು. ನೂರೆಂಟಕ್ಕೆ ಬರುತ್ತೆ. ಅಲ್ಲೀವರೆಗೆ ಬ್ಯಾಂಕು ಕಾಯೋದಾದ್ರೆ ಧಾರಾಳವಾಗಿ ಸಹಿ ಹಾಕಲಿ."

ಅಣ್ಣ ಸೋಲುವ ಗಿರಾಕಿಯಲ್ಲ, ಏಸಿ ಕೋಣೆಯಲ್ಲಿ ಓದಿಕೊಂಡೇ ಬಂದಿದ್ದ. "ಚಂದ್ರ ದಶೆಯೊಳಗೆ ಬುಧನ ಪಾಲಿನ ಕಾಲ, ಬುಧ ಭುಕ್ತಿ, ಈಗ ಶುರುವಾಗಿದೆ ಮಾವ. ಒಂದೂವರೆ ವರ್ಷಕ್ಕೆ ಒಂದೇ ತಿಂಗಳು ಕಮ್ಮಿ. ಆ ದೊಡ್ಡ ಜ್ಯೋತಿಷಿಗಳು ಅದಕ್ಕೇ ಬೇಗ ಮಾಡಿ ಅಂದಿದ್ದು."

"ಅವರು ಸುಳ್ಳು ಹೇಳಿಲ್ಲ. ಆದರೆ ಭುಕ್ತಿನಾಥ ಅಂದರೆ ದಶಾನಾಥನ ಮನೆಗೆ ಬಂದ ನೆಂಟ. ಮನೆಯ ರೀತಿ ಹೇಗೋ ನೆಂಟನ ಊಟ ಹಾಗೆ. ಸಿಂಹ ಲಗ್ನಕ್ಕೆ ಚಂದ್ರ ಯಾವ ಮನೆ ಅಧಿಪತಿ?"

ಅಣ್ಣ ಕಾಗದ ನೋಡಿದ. ಸ್ವಲ್ಪ ತಡೆದು, "ಹನ್ನೆರಡು" ಅಂದ.

"ವ್ಯಯಸ್ಥಾನ. ಎಲ್ಲಿ ಕೂತಿದ್ದಾನೆ?"

"ಮೀನ. ಎಂಟನೇ ಮನೆ. ಆದರೆ ಮಾವ, ಹನ್ನೆರಡರ ಅಧಿಪತಿ ಎಂಟರಲ್ಲಿದ್ರೆ ವಿಪರೀತ ರಾಜಯೋಗ ಅಂತೆ."

"ವಿಪರೀತ ರಾಜಯೋಗಕ್ಕೆ ಮೊದಲು ಏನಾದರೂ ವಿಪರೀತ ಆಗಬೇಕು ಕಣೋ. ರಾಜ ಬರೋದು ಆಮೇಲೆ, ಬಂದರೆ. ಆ ಮೀನದಿಂದ ಚಂದ್ರ ನೇರವಾಗಿ ಎದುರುಮನೆ ನೋಡ್ತಾನೆ. ಎದುರುಮನೆ ಯಾವುದು? ಕನ್ಯೆ. ಇವಳ ಧನಸ್ಥಾನ. ಖರ್ಚಿನ ಯಜಮಾನ ಹತ್ತು ವರ್ಷ ಗಲ್ಲಾಪೆಟ್ಟಿಗೆಯನ್ನ ದಿಟ್ಟಿಸಿಕೊಂಡು ಕೂತಿರೋ ಕಾಲ ಇದು. ಅದರ ನಡುವೆ ಬುಧ ಹದಿನೇಳು ತಿಂಗಳು ಬಂದು ಹೋದರೆ ಏನಾಗುತ್ತೆ? ಹಣ ಓಡಾಡುತ್ತೆ, ನಿಲ್ಲಲ್ಲ. ಬ್ಯಾಂಕಿನ ಸಾಲವೂ ಹಣ ಬಂದ ಹಾಗೇ ಕಾಣುತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹನ್ನೊಂದಕ್ಕೂ ಎರಡಕ್ಕೂ ನಡುವಿನ ದಾರಿ ಅದು."

ಅಣ್ಣ ಸ್ಟೂಲಿನ ಮೇಲೆ ಕೂತ. "ಹಾಗಾದರೆ ಯೋಗ ಇಲ್ಲ ಅನ್ನಿ."

"ಇದೆ. ಅದೇ ನಿನಗೆ ಅರ್ಥ ಆಗ್ತಿಲ್ಲ. ಎರಡನೇ ಮನೆ ಅಂದರೆ ಬರೀ ಹಣವಾ? ಬಾಯಿ, ಹಲ್ಲು, ಮಾತು, ಕುಟುಂಬ, ಎಲ್ಲ ಅಲ್ಲೇ. ಉಚ್ಚ ಬುಧ, ಕೈಚಳಕದ ಗ್ರಹ, ಅಲ್ಲಿ ಕೂತು ಇವಳಿಗೆ ಏನು ಕೊಟ್ಟ ನೋಡು." ಮಾವ ಗೋಡೆಯತ್ತ ಕೈ ಬೀಸಿದರು. ದವಡೆಗಳೆಲ್ಲ ಒಪ್ಪಿಕೊಂಡಂತೆ ಬಾಯಿ ತೆರೆದುಕೊಂಡಿದ್ದವು. "ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಇವಳಿಗೆ ಹಲ್ಲೇ ಕಡಲೆ. ಇನ್ನು ಹನ್ನೊಂದು. ಅದು ಲಾಭ ಮಾತ್ರ ಅಲ್ಲ. ಹಿರಿಯ ಸಹೋದರನ ಮನೆಯೂ ಅದೇ."

ಕೋಣೆಯಲ್ಲಿ ಮೇಣದ ದೀಪ ಸಣ್ಣಗೆ ಸದ್ದು ಮಾಡುತ್ತಿತ್ತು.

"ಹನ್ನೊಂದರ ಅಧಿಪತಿ ಎರಡರಲ್ಲಿ" ಅಂದರು ಮಾವ ನಿಧಾನವಾಗಿ. "ಹಣ ಬಂದು ಪೆಟ್ಟಿಗೆ ಸೇರುತ್ತೆ ಅಂತ ಓದಬಹುದು. ಅಣ್ಣ ಬಂದು ಪೆಟ್ಟಿಗೆ ಮೇಲೆ ಕೂರ್ತಾನೆ ಅಂತಲೂ ಓದಬಹುದು."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಣ್ಣನ ಮುಖ ಮಾತ್ರ ಸಣ್ಣದಾಯಿತು. ಮಾವ ಹೇಳಿದ್ದು ಪುಟ್ಟಿಗೆ ಬೇಕಾದ ಮಾತೇ. ಆದರೂ ಮೊಳೆಗೆ ನೇತುಹಾಕಿದ ಆ ಖಾಲಿ ಗೊಂಚಲನ್ನು ಅವಳು ಮರೆಯಲಾರಳು.

ಅಣ್ಣ ಮಾವನನ್ನು ಬಿಟ್ಟು ಅವಳ ಕಡೆ ತಿರುಗಿದ. "ಗ್ರಹದ ಮಾತು ಬಿಡು ಪುಟ್ಟಿ. ನೀನು ಹೇಳು. ನಾಳೆ ಬರ್ತೀಯಾ ಇಲ್ವಾ?"

ಹಲ್ಲು ಮಾಡುವವಳು ಹೆಚ್ಚು ಮಾತಾಡುವುದಿಲ್ಲ. ದಿನವಿಡೀ ಎದುರಿಗಿರುವವರು ಪ್ಲಾಸ್ಟರಿನವರು, ಉತ್ತರ ಕೊಡುವವರಲ್ಲ. ಪುಟ್ಟಿ ನೀರಿನ ಬಟ್ಟಲಿನಲ್ಲಿದ್ದ ಮಾವನ ಹಲ್ಲುಗಳನ್ನೇ ನೋಡುತ್ತ ಕೂತಳು. ಅವಳಿಗೆ ಹೆದರಿಕೆಯಾಗಿತ್ತು. ಫ್ಲಾಟು ಹೋದೀತೆಂಬುದಕ್ಕಿಂತ ಅಣ್ಣ ಬೈಕಿನ ಮಾತೆತ್ತಿಯಾನೆಂಬ ಹೆದರಿಕೆಯೇ ದೊಡ್ಡದಿತ್ತು. ಅವನು ಈ ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಎತ್ತಿರಲಿಲ್ಲ. ಈಗಲೂ ಎತ್ತಲಿಲ್ಲ. ಅದೇ ಅವಳ ಬಾಯಿ ಬಿಡಿಸಿತು.

"ನಾನು ಬರಲ್ಲ ಅಣ್ಣ. ಸೈನ್ ಹಾಕಲ್ಲ."

ಹೇಳಿದ ಮೇಲೆ ಏನೂ ಆಗಲಿಲ್ಲ. ದೀಪ ಉರಿಯುತ್ತಲೇ ಇತ್ತು. ಅವಳ ದನಿ ಅವಳಿಗೇ ಹೊಸದೆನಿಸಿತು, ಆದರೆ ನಿಲ್ಲಲಿಲ್ಲ.

"ನೀನು ಬೈಕ್ ಕೊಂಡಿದ್ದು ನನ್ನ ಹೆಸರಲ್ಲಿ. ಅದನ್ನ ಮಾರೋವಾಗ ನಾನೇ ಸೈನ್ ಹಾಕಿದೆ. ಪಕ್ಕದಲ್ಲಿ ಸಾಕ್ಷಿ ಅಂತ ನೀನು ಸೈನ್ ಹಾಕಿದೆ, ನಿನ್ನದೇ ಬೈಕಿಗೆ. ಅಂಗಡಿ ಅತ್ತಿಗೆ ಹೆಸರಲ್ಲಿ, ಅಲ್ಲೂ ನೀನು ಸಾಕ್ಷಿ. ನಾಳೆ ಕಾಗದದಲ್ಲೂ ನೀನು ಸಾಕ್ಷಿನೇ. ನಿನಗೆ ಐವತ್ತು ವರ್ಷ ಆಯ್ತು. ನಿನ್ನ ಹೆಸರಲ್ಲಿ ಒಂದಾದರೂ ಇದೆಯಾ?"

ಅಣ್ಣ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. "ನನ್ನ ಹೆಸರಲ್ಲಿ ಇಟ್ಟರೆ ಉಳಿಯಲ್ಲ. ಚಿಕ್ಕವನಿದ್ದಾಗಲೇ ಮಾವ ಅಪ್ಪನಿಗೆ ಹೇಳಿದ್ರು. ಇವನ ಜಾತಕದಲ್ಲಿ ಧನಯೋಗ ಇಲ್ಲ ಅಂತ. ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದೆ."

ಅತ್ತಿಗೆ ಸೆರಗು ಕೆಳಗಿಳಿಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೂ ಇದು ಗೊತ್ತಿರಲಿಲ್ಲ.

"ಪೂರ್ತಿ ಕೇಳಿಸ್ಕೊಂಡ್ಯಾ?" ಅಂದರು ಮಾವ.

"ಅಷ್ಟು ಕೇಳಿದ ಮೇಲೆ ಇನ್ನೇನು ಕೇಳೋದು?"

"ನಿಮ್ಮಪ್ಪನೂ ಹಾಗೇ ಎದ್ದು ಹೋದ. ಇಬ್ಬರೂ ಒಂದೇ ಅಚ್ಚು." ಮಾವನಿಗೆ ಸಿಟ್ಟು ಬಂದಿತ್ತು, ಗಾಳಿ ಇನ್ನೂ ಜಾಸ್ತಿಯಾಯಿತು. "ನಿಂದು ತುಲಾ ಲಗ್ನ. ಎರಡರ ಅಧಿಪತಿ ಕುಜ ಒಂದು ದಿಕ್ಕು, ಹನ್ನೊಂದರ ಅಧಿಪತಿ ರವಿ ಒಂದು ದಿಕ್ಕು, ಒಬ್ಬರನ್ನೊಬ್ಬರು ನೋಡಲ್ಲ. ಅದಕ್ಕೆ ಧನಯೋಗ ಇಲ್ಲ ಅಂದೆ. ಬಡವ ಆಗ್ತಾನೆ ಅನ್ನಲಿಲ್ಲ. ಲಗ್ನಾಧಿಪತಿ ಶುಕ್ರ ಲಗ್ನದಲ್ಲೇ, ಸ್ವಂತ ಮನೆಯಲ್ಲಿ ಕೂತಿದ್ದಾನೆ. ಯಾವ ಧನಯೋಗವೂ ತಾನಾಗಿ ಮನೆಗೆ ಬಂದು ಬಾಗಿಲು ತಟ್ಟಲ್ಲ ಕಣೋ, ಲಗ್ನಾಧಿಪತಿ ಎದ್ದು ಹೋಗಿ ತರಬೇಕು. ತಂಗಿಯ ಯೋಗಕ್ಕೆ ಹೆಸರು ದೊಡ್ಡದು, ನಿನ್ನ ಲಗ್ನಕ್ಕೆ ಬಲ ದೊಡ್ಡದು. ಶುಕ್ರ ಅಂದರೆ ಏನು? ಬಟ್ಟೆ, ಸುಖ, ಹಾಸಿಗೆ. ನಿನ್ನ ಅಂಗಡಿಯಲ್ಲಿ ಹೊಸ ಹಾಸಿಗೆ ಯಾವತ್ತಾದರೂ ಮಾರಾಟ ಆಯ್ತಾ?"

"ಇಲ್ಲ" ಅಂದಳು ಅತ್ತಿಗೆ. "ಆದರೆ ಹಳೇ ಹಾಸಿಗೆ ಬಿಚ್ಚಿ ಹತ್ತಿ ಹಿಂಜಿ ಹೊಲಿದುಕೊಡೋಕೆ ಜನ ಇವರನ್ನೇ ಹುಡುಕಿಕೊಂಡು ಬರೋರು. ಈಗಲೂ ಫೋನ್ ಮಾಡ್ತಾರೆ. ಇವರೇ ಅದು ಸಣ್ಣ ಕೆಲಸ ಅಂತ ಎತ್ತಲ್ಲ."

ಅಣ್ಣ ಬಣ್ಣದ ಜಾತಕವನ್ನು ನಾಲ್ಕಾಗಿ ಮಡಚಿದ. ಎದ್ದು ಹೋಗಿಬಿಡುತ್ತಾನೆಂದುಕೊಂಡಳು ಪುಟ್ಟಿ. ಹೋಗಲಿಲ್ಲ. ಮಾವ ನೀರಿನ ಬಟ್ಟಲಿನತ್ತ ಕೈ ಚಾಚಿದರು.

"ನನ್ನ ಹಲ್ಲು ಕೊಡೇ. ಇಷ್ಟು ಮಾತಾಡಿಸಿದ್ರಿ, ಇನ್ನು ಟೀಗಾದರೂ ಬಿಸ್ಕತ್ತು ಕಚ್ಚೋ ಹಾಗೆ ಮಾಡು."

"ಅದು ಮೇಣ ಮಾವ. ಬಿಸ್ಕತ್ತು ಮುಂದಿನ ವಾರ."

ಅತ್ತಿಗೆ ಅಲ್ಲೇ ಬಿಟ್ಟುಹೋದ ಬ್ಯಾಂಕಿನ ಕಾಗದಗಳ ಹಿಂಬದಿ ಖಾಲಿ ಇದ್ದದ್ದರಿಂದ ಪ್ಲಾಸ್ಟರ್ ಕಲಸುವಾಗ ಮೇಜಿಗೆ ಹಾಸಲು ಬಂದವು. ಅಣ್ಣ ಹತ್ತು ದಿನ ಇತ್ತ ಸುಳಿಯಲಿಲ್ಲ. ಪುಟ್ಟಿ ಫೋನು ಮಾಡಲಿಲ್ಲ. ಆದರೆ ದಿನಾ ಸಂಜೆ ಎರಡು ಲೋಟ ಟೀಗೆ ನೀರಿಟ್ಟು, ಒಂದನ್ನು ಚೆಲ್ಲುತ್ತಿದ್ದಳು.

ಹನ್ನೊಂದನೇ ದಿನ ಅವನು ಬಂದ. ಮೈಮೇಲೆಲ್ಲ ಹತ್ತಿಯ ಎಳೆ. ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ಮಳಿಗೆ ಸಿಕ್ಕಿದೆಯಂತೆ, ಹಿಂಜುವ ಯಂತ್ರ ಒಂದು ಹಿಡಿಸುತ್ತದಂತೆ. ಬಾಡಿಗೆ ಕರಾರು ತಂದಿದ್ದ. ಮೇಜಿನ ಮೇಲಿನ ಹಲ್ಲುಗಳನ್ನು ಹುಷಾರಾಗಿ ಪಕ್ಕಕ್ಕೆ ಸರಿಸಿ ಕಾಗದ ಹರಡಿದ.

"ಪೆನ್ ಕೊಡು."

ಕೊಟ್ಟಳು. ಅಣ್ಣ ಕಾಗದದ ಮೇಲೆ ಬಾಗಿದ. ಪೆನ್ನು ತಾನಾಗಿಯೇ ಕೆಳಗೆ ಹೋಗಿ, ಎಡಮೂಲೆಯ ಸಾಕ್ಷಿಯ ಗೆರೆಯ ಮೇಲೆ ನಿಂತಿತು. ಅವನಿಗೆ ಅದರ ಅರಿವೇ ಇರಲಿಲ್ಲ.

ಪುಟ್ಟಿ ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಎತ್ತಿದಳು.

"ಅಲ್ಲಲ್ಲ ಅಣ್ಣ. ಮೇಲೆ."

ಅವನು ಮೇಲೆ ಸಹಿ ಹಾಕಿದ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಅವಳು ಪೆನ್ನು ಇಸಿದುಕೊಂಡು, ಕೆಳಗೆ ಅವನು ಬಿಟ್ಟ ಜಾಗದಲ್ಲಿ ತನ್ನ ಹೆಸರು ಬರೆದಳು.